ಎರೆಗಡ್ಡೆ: ಇಲ್ಲದ ದ್ವೀಪವೊಂದರ ನಕಾಶೆ

ಕಾಗದದ ಮೇಲೆ ಕಪ್ಪು ಶಾಯಿ, ಚಹಾದ ಡಿಕಾಕ್ಷನ್, ಬಾದಾಮಿಯ ಕೆಮ್ಮಣ್ಣು. ಅಗಲ 30 ಇಂಚು, ಎತ್ತರ 22 ಇಂಚು. ಬಾಗಲಕೋಟೆ.

ಎರೆಗಡ್ಡೆ ಯಾವ ಸಮುದ್ರದಲ್ಲೂ ಇಲ್ಲ. ಪಡುವಣಕ್ಕೆ ಅಗಲವಾಗಿ ಹರಡಿಕೊಂಡು, ಮೂಡಣಕ್ಕೆ ಸಾಗಿದಂತೆ ಸಣ್ಣಗಾಗಿ, ಕೊನೆಗೆ ಮೂರು ಬಂಡೆಗಳಾಗಿ ನೀರಿನಲ್ಲಿ ಚದುರಿ ಹೋಗುವ ಈ ದ್ವೀಪಕ್ಕೆ ಎರಡು ದಡಗಳಿವೆ. ನೋಡುವವರು ಮೊದಲು ಕೇಳುವುದೂ ಇದನ್ನೇ: ಗಟ್ಟಿ ಗೆರೆಯ ಹೊರಗೆ ಚುಕ್ಕಿಗಳ ಇನ್ನೊಂದು ಗೆರೆ ಏಕೆ?

ಗಟ್ಟಿ ಗೆರೆ ಮಳೆಗಾಲದ ದಡ, ಚುಕ್ಕಿ ಗೆರೆ ಬೇಸಿಗೆಯ ದಡ. ಸಮುದ್ರ ಕಾಣದ ಊರಿನಲ್ಲಿ ಕುಳಿತು ದ್ವೀಪ ಬರೆಯುವವರಿಗೆ ದಡದ ಪಾಠ ಹೇಳಿಕೊಡುವುದು ಆಲಮಟ್ಟಿಯ ಹಿನ್ನೀರು. ಜಲಾಶಯ 519.60 ಮೀಟರಿಗೆ ತುಂಬಿದಾಗ ನೀರು ಬಂದು ನಿಲ್ಲುವ ಜಾಗವೇ ಬೇರೆ, ಬೇಸಿಗೆಯಲ್ಲಿ ಅದು ಇಳಿದು ಹೋಗುವ ಜಾಗವೇ ಬೇರೆ. ನಡುವಿನ ನೆಲ ಆರು ತಿಂಗಳು ನೀರಿನದು, ಆರು ತಿಂಗಳು ನಮ್ಮದು. ನಕಾಶೆಯಲ್ಲಿ ಆ ನೆಲಕ್ಕೆ ಒಂದೇ ಗೆರೆ ಎಳೆದು ಕೈತೊಳೆದುಕೊಂಡರೆ ಯಾರಿಗೋ ಅನ್ಯಾಯವಾಗುತ್ತದೆ ಎಂದು ನನಗೆ ಅನಿಸಿದ್ದರಿಂದ ಎರಡನ್ನೂ ಎಳೆದಿದ್ದೇನೆ.

ಆ ಎರಡು ಗೆರೆಗಳ ನಡುವಿನ ಪಟ್ಟಿಯನ್ನು ದಯವಿಟ್ಟು ಹತ್ತಿರದಿಂದ ನೋಡಿ. ಎಲ್ಲೂ ಅರ್ಧ ಇಂಚಿಗಿಂತ ಅಗಲವಿಲ್ಲ. ದಕ್ಷಿಣದ ಅಂಚಿನಲ್ಲಿ ಒಂದು ಬಾವಿಯ ಕಟ್ಟೆ ಇದೆ, ಅದರ ಹಗ್ಗ ಉಜ್ಜಿದ ಕಲ್ಲಿನಲ್ಲಿ ಮೂರು ಗೀರುಗಳಿವೆ. ಪಕ್ಕದಲ್ಲಿ ಗುಡಿಯ ಮೆಟ್ಟಿಲುಗಳು, ಗುಡಿ ಇಲ್ಲ. ಹೊಲದ ಬದುಗಳು, ಒಣಗಿ ನಿಂತ ಹುಣಸೆಮರ, ಗೋಡೆಯಿಲ್ಲದ ಮನೆಯ ಬಾಗಿಲ ಚೌಕಟ್ಟು. ಇಲ್ಲಿನ ಊರುಗಳ ಹೆಸರನ್ನು ಮಾತ್ರ ನೀರು ಬೆರೆಸಿದ ಶಾಯಿಯಲ್ಲಿ ಬರೆದಿದೆ: ಕೆಳಗಿನ ಹೊಸೂರು, ಮಡಿವಾಳರ ಗಡ್ಡೆ, ಹಗೇವಿನಹಾಳ. ಹಳೆಯ ಬಾಗಲಕೋಟೆಯಿಂದ ನವನಗರಕ್ಕೆ ಬಂದವರು ಈ ಪಟ್ಟಿಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರೆ. ಅವರಿಗೆ ನಾನು ಏನನ್ನೂ ವಿವರಿಸುವುದಿಲ್ಲ.

ದಡ ಎಷ್ಟು ಉದ್ದ ಎಂದು ಕೇಳಿದರೆ ಉತ್ತರ ಸುಲಭವಲ್ಲ. ಅಳತೆಗೋಲು ಚಿಕ್ಕದಾದಷ್ಟೂ ಕೊಲ್ಲಿಯೊಳಗಿನ ಕೊಲ್ಲಿಯೂ ಲೆಕ್ಕಕ್ಕೆ ಬಂದು ದಡ ಉದ್ದವಾಗುತ್ತ ಹೋಗುತ್ತದೆ. ಲೂಯಿಸ್ ರಿಚರ್ಡ್‌ಸನ್ ಗುರುತಿಸಿದ ಈ ತೊಡಕನ್ನು 1967ರಲ್ಲಿ ಗಣಿತಜ್ಞ ಮ್ಯಾಂಡೆಲ್‌ಬ್ರಾಟ್ ಬ್ರಿಟನ್ನಿನ ಕರಾವಳಿಯನ್ನೇ ಉದಾಹರಣೆಯಾಗಿಟ್ಟು ಚರ್ಚಿಸಿದರು. ಎರೆಗಡ್ಡೆಯ ಪಡುವಣ ದಡ ಬರೆಯುವಾಗ ಕೈಗೂ ಅದೇ ಅನುಭವ: ಲೇಖನಿ ಸಣ್ಣದಾದಂತೆ ದಡ ಮುಗಿಯುವುದೇ ಇಲ್ಲ. ಮೂಡಣ ದಡವನ್ನು ಹಾಗಾಗಿ ದಪ್ಪ ಲೇಖನಿಯಲ್ಲಿ, ನೇರವಾಗಿ ಮುಗಿಸಲಾಗಿದೆ. ಅಲ್ಲಿ ಬರಿಯ ಬಂಡೆ, ಹೇಳುವಂಥದ್ದು ಇಲ್ಲ.

ದಡದ ಹೊರಗೆ, ನೀರಿನಲ್ಲಿ, ದಡವನ್ನೇ ಅನುಸರಿಸುವ ಐದು ತೆಳು ಗೆರೆಗಳಿವೆ. ದಡದ ಹತ್ತಿರ ಒತ್ತಾಗಿ, ದೂರ ಹೋದಂತೆ ವಿರಳವಾಗಿ. ಉಳಿದ ಸಮುದ್ರವೆಲ್ಲ ಬಿಳಿ. ಊರುಗಳ ಹೆಸರನ್ನು ಒಳನಾಡಿನ ಕಡೆಗೆ, ದಡಕ್ಕೆ ಲಂಬವಾಗಿ ಬರೆದಿದ್ದೇನೆ. ಮಧ್ಯಯುಗದ ಮೆಡಿಟರೇನಿಯನ್ ನಾವಿಕರ ನಕಾಶೆಗಳಲ್ಲಿ ಹೀಗೆಯೇ ಇರುತ್ತಿತ್ತು, ದಡದ ಗೆರೆಯ ಮೇಲೆ ಅಕ್ಷರ ಬಿದ್ದು ಅದು ಮರೆಯಾಗಬಾರದೆಂದು. ಓದಬೇಕಾದರೆ ತಲೆ ವಾಲಿಸಬೇಕು, ಕ್ಷಮೆಯಿರಲಿ.

ಒಳನಾಡಿನಲ್ಲಿ ಬಣ್ಣ ಎರಡೇ. ನಡುವಿನ ಬೆಟ್ಟಸಾಲಿಗೆ ಕೆಮ್ಮಣ್ಣು, ಸುತ್ತಲಿನ ಎರೆಭೂಮಿಗೆ ಶಾಯಿಯ ಒತ್ತು ಗೆರೆಗಳು. ಬೆಟ್ಟಗಳು ಮೊನಚಾಗಿಲ್ಲ. ಮೇಲೆ ಚಪ್ಪಟೆ, ಬದಿಯಲ್ಲಿ ಕಡಿದಾದ ಪದರಗಳು, ನಡುವೆ ಸೀಳು. ಬಾದಾಮಿಯ ಬಂಡೆಗಳನ್ನು ನೋಡಿ ಬೆಳೆದ ಕಣ್ಣಿಗೆ ಬೇರೆ ಬೆಟ್ಟ ಹೊಳೆಯುವುದಿಲ್ಲ. ನಕಾಶೆಯ ರೂಢಿಯಂತೆ ಬೆಳಕು ಎಡ ಮೇಲ್ಮೂಲೆಯಿಂದ ಬೀಳುತ್ತದೆ, ಆದ್ದರಿಂದ ನೆರಳೆಲ್ಲ ಬಲ ಕೆಳಗಡೆಗೆ. ನಮ್ಮ ಏಪ್ರಿಲ್ ಬಿಸಿಲು ಈ ರೂಢಿಗೆ ಸೊಪ್ಪು ಹಾಕುವುದಿಲ್ಲ, ಅದು ಬೇರೆ ಮಾತು. ಬೆಟ್ಟಸಾಲಿನ ಉತ್ತರಕ್ಕೆ ಏಳುದನಿ ಕೊಳ್ಳವಿದೆ. ಅಲ್ಲಿ ಕೂಗಿದರೆ ಏಳು ಸಲ ಮರುದನಿ ಬರುತ್ತದೆ ಎಂಬುದು ದ್ವೀಪದವರ ಮಾತು. ವಿಜಯಪುರದ ಗೋಳಗುಮ್ಮಟ ಹತ್ತಿ ಬಂದವರಿಗೆ ಇದು ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ.

ದಿಕ್ಸೂಚಿ ಕೆಳಗೆ ಎಡಮೂಲೆಯಲ್ಲಿದೆ, ಅಂಗೈಯಗಲ. ಯುರೋಪಿನ ಹಳೆಯ ನಕಾಶೆಗಳಲ್ಲಿ ಉತ್ತರಕ್ಕೆ ಲಿಲ್ಲಿ ಹೂವನ್ನೂ ಪೂರ್ವಕ್ಕೆ ಶಿಲುಬೆಯನ್ನೂ ಇಡುವ ಪದ್ಧತಿ ಇತ್ತು. ಎರೆಗಡ್ಡೆಯಲ್ಲಿ ದಿಕ್ಕು ಕಾಯುವವರು ದಿಕ್ಪಾಲಕರ ವಾಹನಗಳು: ಪೂರ್ವಕ್ಕೆ ಇಂದ್ರನ ಆನೆ, ಆಗ್ನೇಯಕ್ಕೆ ಅಗ್ನಿಯ ಟಗರು, ದಕ್ಷಿಣಕ್ಕೆ ಯಮನ ಕೋಣ, ಪಶ್ಚಿಮಕ್ಕೆ ವರುಣನ ಮಕರ, ವಾಯವ್ಯಕ್ಕೆ ಜಿಂಕೆ, ಈಶಾನ್ಯಕ್ಕೆ ನಂದಿ. ನೈಋತ್ಯದಲ್ಲಿ ನಿರ್ಋತಿಯನ್ನು ಹೊತ್ತ ಮನುಷ್ಯನಿರಬೇಕು. ಅವನು ಹೊರೆ ಕೆಳಗಿಳಿಸಿ ಬೀಡಿ ಸೇದುತ್ತ ಕುಳಿತಿದ್ದಾನೆ. ಉತ್ತರ ಕುಬೇರನದು. ಅಲ್ಲಿ ಕುಬೇರನೂ ಇಲ್ಲ, ಅವನ ವಾಹನವೂ ಇಲ್ಲ, ಕಾಳು ತುಂಬಿದ ಜೋಳದ ತೆನೆ ಇದೆ. ನಮ್ಮ ಭಾಗದಲ್ಲಿ ಸಂಪತ್ತು ಎಂದರೆ ಅದೇ ತಾನೇ.

ದಿಕ್ಸೂಚಿಯ ಬಳಿಯೇ ಒಂದು ಹರಿಗೋಲು ತೇಲುತ್ತಿದೆ. ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲದ ಕಾರಣ ಅಂಬಿಗನಿಗೆ ಈ ಎಲ್ಲ ಪ್ರಾಣಿಗಳಿಂದ ಹೆಚ್ಚಿನ ಪ್ರಯೋಜನವಾದಂತೆ ಕಾಣುವುದಿಲ್ಲ.

ಅಂಚು ನಕಾಶೆಯ ಅರ್ಧ ಕೆಲಸವನ್ನು ತಿಂದಿದೆ. ಎಡ ಬಲಗಳಲ್ಲಿ ಇಳಕಲ್ ಸೀರೆಯ ದಡಿ, ಗೋಮಿ ಮಾದರಿಯದು. ಮೇಲೆ ಕೆಳಗೆ ಸೆರಗಿನ ಟೋಪಿ ತೆನೆ, ಕೆಂಪು ಬಿಳಿ. ಹಳೆಯ ನಕಾಶೆಗಳ ಚೌಕಟ್ಟಿನಲ್ಲಿ ಅಕ್ಷಾಂಶ ರೇಖಾಂಶ ಎಣಿಸಲು ಕಪ್ಪು ಬಿಳಿ ತುಂಡುಗಳಿರುತ್ತವೆ. ಇಲ್ಲಿ ಆ ಕೆಲಸ ಈ ತೆನೆಗಳದ್ದು, ಒಂದು ತೆನೆ ಅಂದರೆ ಒಂದು ಇಂಚು. ಒಳಗಿನ ಸಣ್ಣ ಅಂಚು ಕಸೂತಿಯ ಮುರಗಿ ಹೊಲಿಗೆಯ ಮೆಟ್ಟಿಲು ಗೆರೆ. ಇಳಕಲ್ಲಿನ ನೇಕಾರರು ಒಡಲಿನ ಹಾಸು ಎಳೆಗಳನ್ನು ಸೆರಗಿನ ಎಳೆಗಳಿಗೆ ಕುಣಿಕೆ ಹಾಕಿ ಕೂಡಿಸುತ್ತಾರೆ, ಅದನ್ನು ಕೊಂಡಿ ಎನ್ನುತ್ತಾರೆ. ದಡಿ ಮತ್ತು ಸೆರಗು ಸೇರುವ ನಾಲ್ಕು ಮೂಲೆಗಳಲ್ಲಿ ಆ ಕುಣಿಕೆಗಳನ್ನು ಒಂದೊಂದಾಗಿ ಬರೆದಿದೆ. ಭೂತಗನ್ನಡಿ ಇಲ್ಲದೆ ಕಾಣುವುದಿಲ್ಲ, ಮೇಜಿನ ಮೇಲೆ ಒಂದನ್ನು ಇಟ್ಟಿದೆ.

ಹೆಸರಿನ ಫಲಕ ಬಲಕ್ಕೆ ಮೇಲೆ, ಮಕರತೋರಣದ ಕೆಳಗೆ. ‘ಎರೆಗಡ್ಡೆ’ ಎಂಬ ದೊಡ್ಡ ಅಕ್ಷರಗಳು ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ, ಎಂದರೆ ಸುಮಾರು ಕ್ರಿ.ಶ. 700ರ, ಬರವಣಿಗೆಯನ್ನು ಅನುಸರಿಸಿವೆ. ಓದಲು ಬಾರದವರಿಗೆ ಕೆಳಗೆ ಇಂದಿನ ಅಕ್ಷರಗಳಲ್ಲೂ ಇದೆ.

ಅಳತೆಪಟ್ಟಿ ಎರಡು. ಮೊದಲನೆಯದು ಹರದಾರಿಯಲ್ಲಿ: ಎರಡು ಇಂಚಿಗೆ ಒಂದು ಹರದಾರಿ, ಅಂದರೆ ಸುಮಾರು ಮೂರು ಮೈಲಿ. ಹಾಗೆ ಲೆಕ್ಕ ಹಾಕಿದರೆ ಹದಿನೆಂಟು ಇಂಚಿನ ದ್ವೀಪ ಒಂಬತ್ತು ಹರದಾರಿ ಉದ್ದ. ಎರಡನೆಯದು ಕೂಗಳತೆಯಲ್ಲಿ. ಅದರ ಮೇಲೆ ಗುರುತುಗಳಿಲ್ಲ, ಏಕೆಂದರೆ ಅದು ಕೂಗುವವರ ಗಂಟಲನ್ನು ಅವಲಂಬಿಸಿದೆ. ಏಳುದನಿ ಕೊಳ್ಳದ ಸುತ್ತಮುತ್ತ ಈ ಪಟ್ಟಿಯನ್ನು ನಂಬಬೇಡಿ.