ಮನೆಯ ವೈರಿಂಗ್‌ನಲ್ಲಿ ಸೀರೀಸ್ ಎಲ್ಲಿದೆ?

ಮನೆ ವೈರಿಂಗ್ ಅಂದ್ರೆ ಪ್ಯಾರಲಲ್ ಅಂತ ನೀವೆಲ್ಲ ಬಾಯಿಪಾಠ ಮಾಡಿದ್ದೀರಿ. ತಪ್ಪಲ್ಲ, ಆದರೆ ಅದು ಅರ್ಧ ಉತ್ತರ. ನಾಳೆ ಲ್ಯಾಬ್‌ಗೆ ಬರುವ ಮುಂಚೆ ಇದನ್ನು ಓದಿಕೊಂಡು ಬನ್ನಿ.

ಜಗಲಿಯ ಲೈಟ್ ಆರಿಸಿದರೆ ಅಡುಗೆಮನೆಯ ಫ್ಯಾನ್ ನಿಲ್ಲುವುದಿಲ್ಲ, ಅಲ್ವಾ? ಎರಡೂ ಫೇಸ್ ಮತ್ತು ನ್ಯೂಟ್ರಲ್ ನಡುವೆ ಬೇರೆ ಬೇರೆಯಾಗಿ ಕೂತಿವೆ. ಎರಡಕ್ಕೂ ಸಿಗುವುದು ಅದೇ 230 ವೋಲ್ಟ್. ಇದು ಪ್ಯಾರಲಲ್. ಇಲ್ಲಿ ಕರೆಂಟ್ ಕೂಡುತ್ತಾ ಹೋಗುತ್ತದೆ. 2000 ವ್ಯಾಟ್ ಗೀಸರ್ 8.7 ಆಂಪಿಯರ್, 1000 ವ್ಯಾಟ್ ಇಸ್ತ್ರಿ ಪೆಟ್ಟಿಗೆ 4.35. ಎರಡೂ ಒಟ್ಟಿಗೆ 13 ಆಂಪಿಯರ್. ಅದೇ ಲೈನಿಗೆ ಇನ್ನೊಂದು 2000 ವ್ಯಾಟ್ ಇಂಡಕ್ಷನ್ ಒಲೆ ಹಾಕಿದರೆ 16 ಆಂಪಿಯರ್ ಎಂಸಿಬಿಯ ಮಿತಿ ದಾಟಿತು.

ಈಗ ಸೀರೀಸ್. ಸ್ವಿಚ್ ಮತ್ತು ಎಂಸಿಬಿ ಎರಡೂ ಲೋಡಿನ ಜೊತೆ ಸೀರೀಸ್‌ನಲ್ಲೇ ಇರಬೇಕು. ದಾರಿ ಒಂದೇ ಆಗಿದ್ದರೆ ತಾನೇ ಅದನ್ನು ಕಡಿಯಲು ಆಗುವುದು? ಸ್ವಿಚ್ ಯಾವಾಗಲೂ ಫೇಸ್ ಮೇಲೇ ಇರಲಿ. ನ್ಯೂಟ್ರಲ್ ಮೇಲೆ ಹಾಕಿದರೂ ಬಲ್ಬ್ ಆರುತ್ತದೆ, ಆದರೆ ಹೋಲ್ಡರ್‌ನಲ್ಲಿ ಫೇಸ್ ಹಾಗೇ ಇರುತ್ತದೆ. ಬಲ್ಬ್ ಬದಲಿಸಲು ಹೋದವರ ಜೀವಕ್ಕೇ ಅಪಾಯ.

ಯಾರೂ ಬೇಕಂತ ಹಾಕದ ಸೀರೀಸ್ ಒಂದಿದೆ: ಸಡಿಲವಾದ ಜಾಯಿಂಟ್. ಕಾರವಾರದ ಉಪ್ಪುಗಾಳಿ, ಮೂರ್ನಾಲ್ಕು ತಿಂಗಳ ಮಳೆ. ಸಾಕೆಟ್ ಬಿಚ್ಚಿದರೆ ಸ್ಕ್ರೂ ಸುತ್ತ ಹಸಿರು ಕಿಲುಬು ಕಾಣುತ್ತದೆ. ಆ ಜಾಗದಲ್ಲಿ ಬರೀ ಅರ್ಧ ಓಮ್ ರೆಸಿಸ್ಟೆನ್ಸ್ ಇದೆ ಅಂದುಕೊಳ್ಳಿ. ಗೀಸರ್ ಕಾಯಿಲ್ 26.45 ಓಮ್. ಒಟ್ಟು 26.95, ಕರೆಂಟ್ 8.53 ಆಂಪಿಯರ್. ಜಾಯಿಂಟ್‌ನಲ್ಲಿ ಬೀಳುವ ವೋಲ್ಟೇಜ್ 4.3 ಮಾತ್ರ. ನೀರು ಬಿಸಿಯಾಗುತ್ತಲೇ ಇರುತ್ತದೆ, ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಆದರೆ I²R ಹಾಕಿ ನೋಡಿ: ಒಂದು ಸ್ಕ್ರೂ ತುದಿಯಲ್ಲಿ 36 ವ್ಯಾಟ್ ಶಾಖ! ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಇರುವುದೇ ಹೆಚ್ಚುಕಮ್ಮಿ ಅಷ್ಟು. ಪ್ಲಗ್ ಕಪ್ಪಾಗುವುದು, ಸುಟ್ಟ ವಾಸನೆ ಬರುವುದು ಇದರಿಂದಲೇ. ಕರೆಂಟ್ ಜಾಸ್ತಿಯಾಗುವ ಬದಲು ಸ್ವಲ್ಪ ಕಡಿಮೆಯೇ ಆಗಿದೆ, ಹಾಗಾಗಿ ಎಂಸಿಬಿ ಬೀಳುವುದಿಲ್ಲ. ಇದನ್ನು ಕಣ್ಣು, ಮೂಗಿನಿಂದಲೇ ಹಿಡಿಯಬೇಕು. ಮೇನ್ ಆಫ್ ಮಾಡಿ, ಟೆಸ್ಟರ್ ಹಿಡಿದು ಖಚಿತ ಮಾಡಿಕೊಂಡ ಮೇಲೆಯೇ ಸ್ಕ್ರೂಗೆ ಕೈ ಹಾಕಿ.

ನಾಳೆ 60 ಮತ್ತು 100 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬುಗಳನ್ನು ಸೀರೀಸ್‌ನಲ್ಲಿ ಹಾಕುತ್ತೇವೆ. ಯಾವುದು ಜಾಸ್ತಿ ಬೆಳಗುತ್ತದೆ? ಸುಮ್ನೆ ಊಹಿಸಬೇಡಿ. R = V²/P ಹಾಕಿ ಎರಡರ ರೆಸಿಸ್ಟೆನ್ಸ್ ಕಂಡುಹಿಡಿದು, ಯಾವುದಕ್ಕೆ ಎಷ್ಟು ವೋಲ್ಟೇಜ್ ಸಿಗುತ್ತದೆ ಅಂತ ರೆಕಾರ್ಡ್‌ನಲ್ಲಿ ಬರೆದುಕೊಂಡು ಬನ್ನಿ.