ಕಾಶಿಗೆ ಈ ಸಲ ಆಗಲ್ಲ, ಮೇಲುಕೋಟೆಗೆ ಹೋಗೋಣ

ಸುಮಾ, ಕಾಶಿ–ಗಯಾ–ಪ್ರಯಾಗರಾಜ್ ಯಾತ್ರೆಗೆ ನನ್ನನ್ನೂ ನೆನೆಸಿಕೊಂಡು ಕರೆದೆಯಲ್ಲ, ತುಂಬಾ ಖುಷಿಯಾಯ್ತು. ಆದರೆ ಈ ಸಲ ಬರೋಕಾಗಲ್ಲ ಕಣೇ. 9 ದಿನದ ಪ್ರವಾಸಕ್ಕೆ 6 ರಜೆಯಾದರೂ ಬೇಕು. ಮಾರ್ಚ್‌ವರೆಗೆ ನನಗೆ ಉಳಿದಿರೋದು ಮೂರೇ, ಅದರಲ್ಲಿ ಎರಡು ಅಮ್ಮನ ಕಣ್ಣಿನ ಆಪರೇಷನ್‌ಗೆ. ನನ್ನ ಸೀಟು ಇವತ್ತೇ ಬೇರೆಯವರಿಗೆ ಕೊಟ್ಟುಬಿಡು. ರೈಲು ಟಿಕೆಟ್ ಆದಮೇಲೆ ಹೆಸರು ಬದಲಿಸೋದು ಕಷ್ಟ.

ನೀನು ವಾಪಸ್ ಬಂದಮೇಲೆ ಒಂದು ಭಾನುವಾರ ಮೇಲುಕೋಟೆಗೆ ಹೋಗೋಣವಾ? ಮೈಸೂರಿಂದ ಸುಮಾರು 50 ಕಿ.ಮೀ. ಬೆಳಿಗ್ಗೆ ಆರಕ್ಕೆ ಹೊರಟರೆ ಬಿಸಿಲೇರೋ ಮುಂಚೆ ಯೋಗಾನರಸಿಂಹನ ಬೆಟ್ಟ ಹತ್ತಬಹುದು, ಆಮೇಲೆ ಕಲ್ಲು ಮೆಟ್ಟಿಲು ಕಾಲು ಸುಡುತ್ತೆ. ಮಧ್ಯಾಹ್ನ ಬಾಗಿಲು ಹಾಕೋದರೊಳಗೆ ಚೆಲುವನಾರಾಯಣನ ದರ್ಶನ, ಪುಳಿಯೋಗರೆ, ಬರುವಾಗ ತೊಣ್ಣೂರು ಕೆರೆ. ಕಾರು ನನ್ನದು. ಯಾವ ಭಾನುವಾರ ಅಂತ ಹೇಳು.