ಜನರೇಟರ್ ಲಾಗ್ ಬುಕ್

ಗದಗ ಎಪಿಎಂಸಿ ಹತ್ರದ ಬ್ಯಾಂಕಿನ್ಯಾಗ ಐದೂವರಿ ಆದ್ರೂ ಗಿರಿಜಾ ಕುರ್ಚಿ ಬಿಟ್ಟು ಎದ್ದಿದ್ದಿಲ್ಲ. ದಲಾಲಿ ಅಂಗಡಿಯವ್ರ ಲೆಕ್ಕಕ್ಕೂ ಬ್ಯಾಂಕಿನ ಲೆಕ್ಕಕ್ಕೂ 1,18,450 ಫರಕ್ ಬರ್ತಿತ್ತು, ಶೇಂಗಾ ಸೀಸನ್ನಿನ್ಯಾಗ ದಿನಾ ನೂರಾರು ರೈತರಿಗೆ ರೊಕ್ಕ ಹೋಗೋ ಅಕೌಂಟದು, ಸ್ಕೇಲ್ ಇಟ್ಕೊಂಡು ಒಂದೊಂದ ಸಾಲಿಗೆ ಟಿಕ್ ಹಾಕ್ಕೋತ ಬಂದ್ಲು.

9ನೇ ತಾರೀಖು, ಲಕ್ಕುಂಡಿ ರೈತಗ 41,760. ಕೆಳಗ ಮತ್ತ ಅವಗ 41,760. ಯುಟಿಆರ್ ನಂಬರ್ ಬ್ಯಾರೆ ಬ್ಯಾರೆ, ಹಂಗಾಗಿ ಸಿಸ್ಟಮಿಗೆ ಎರಡೂ ಬ್ಯಾರೆ ಪೇಮೆಂಟು, ಆದ್ರ ಪಟ್ಟಿ ನಂಬರ್ ಒಂದ. 17ಕ್ಕ ಮುಳಗುಂದದವ್ರಿಗೆ 36,290 ಎರಡು ಸಲ. 23ಕ್ಕ ಹುಲಕೋಟಿಯವ್ರಿಗೆ 40,400 ಎರಡು ಸಲ. ಕೂಡಿಸಿದ್ಲು, ಫರಕ್ ಸರಿಹೋತು.

ಮ್ಯಾನೇಜರ್ ನೋಡಿದವ್ರನ "ಮೂರೂ ಆ ಹೊಸ ಹುಡುಗನ ಐಡಿ ಅಲ್ಲೇನು? ರೈತರ ಜೋಡಿ ಸೇರ್ಕೊಂಡಾನ, ಹೆಡ್ ಆಫೀಸಿಗೆ ಬರೀರಿ" ಅಂದ್ರು.

ಆ ಹುಡುಗ ಅಲ್ಲೇ ನೋಟಿನ ಕಟ್ಟಿಗೆ ಸ್ಲಿಪ್ ಸುತ್ತಾಕತ್ತಿದ್ದ, ಮಾರಿ ಬಿಳಚಿಕೊಂತು. ಕೆಲಸಕ್ಕ ಸೇರಿ ಇನ್ನೂ ವರ್ಷ ಆಗಿಲ್ಲ, ಇಂಥಾದ್ದೊಂದು ಪತ್ರ ಹೋದ್ರ ಅವನ ನೌಕರಿ ಮುಗೀತು ಅಂತ ಗಿರಿಜಾಗ ಗೊತ್ತಿತ್ತು.

"ಒಂದೈದು ನಿಮಿಷ ತಡೀರಿ ಸರ್" ಅಂದು ಟೈಮ್ ನೋಡಿದ್ಲು. 9ಕ್ಕ ಮೊದಲನೇದು 2:52, ಎರಡನೇದು 3:09. ಉಳಿದೆರಡು ದಿನಾನೂ ನಡುವ ಕಾಲು ತಾಸಿನಷ್ಟ ಅಂತರ. ಆ ಹೊತ್ತಿನ್ಯಾಗ ಏನಾಗಿತ್ತು? ಸೀದಾ ವಾಚ್‌ಮನ್ ಕಾಕಾನ ಕಡೆ ಹೋಗಿ ಜನರೇಟರ್ ಲಾಗ್ ಬುಕ್ ಇಸ್ಕೊಂಡ್ಲು. ಡೀಸೆಲ್ ಲೆಕ್ಕಕ್ಕಂತ ಕಾಕಾ ಕರೆಂಟ್ ಹೋಗಿದ್ದು, ಬಂದಿದ್ದು ನಿಮಿಷ ಸಮೇತ ಬರೀತಿದ್ದ. 9ನೇ ತಾರೀಖು: ಬಂದ್ 2:52, ಚಾಲೂ 2:55. ಮೂರು ದಿನಾನೂ ಹೊಂದಿಕಿ ಆತು.

"ಪೇಮೆಂಟ್ ಹೋಗೇತಿ ಸರ್, ಲೈನ್ ಕಟ್ ಆಗಿ ಉತ್ತರ ತಿರುಗಿ ಬಂದಿಲ್ಲ. ಸ್ಕ್ರೀನ್ ಮ್ಯಾಲೆ ಟೈಮ್ ಔಟ್ ಅಂತ ಬಂತು, ಸ್ಟೇಟಸ್ ನೋಡದ ಇವ ಮತ್ತ ಹಾಕ್ಯಾನ. ತಪ್ಪು ಹೌದು, ಕಳವಲ್ಲ." ಒಂದ್ ಗಳಿಗಿ ತಡೆದು ಅಂದ್ಲು, "ಪಾಸ್ ಮಾಡಿದ್ದು ನಿಮ್ಮ ಐಡಿ ಸರ್, ಎರಡೂ ಸಲ."

ಮ್ಯಾನೇಜರ್ ಪ್ರಿಂಟೌಟ್ ಇಸ್ಕೊಂಡು ಭಾಳ ಹೊತ್ತು ನೋಡಿದ್ರು. "ಮೂವರ ಅಕೌಂಟಿಗೂ ಹೋಲ್ಡ್ ಹಾಕಿಬಿಡೂಣು" ಅಂದ್ರು.

"ಮೊದಲ ಫೋನ್ ಮಾಡ್ತೀನ್ರಿ."

ಲಕ್ಕುಂಡಿಯವ "ಮೆಸೇಜ್ ಎರಡು ಬಂದಾವ್ರಿ ಅಕ್ಕಾರ, ಒಂದು ನಂದಲ್ಲ ಅಂತ ಮುಟ್ಟಿಲ್ಲ" ಅಂದ. ಹುಲಕೋಟಿಯವ್ರು ನಾಳೆ ಬರ್ತೀನಿ ಅಂದ್ರು. ಮುಳಗುಂದದ ಮುದುಕ ಮಾತ್ರ ಸುಮ್ನಾಗಿಬಿಟ್ಟ, ಆಮ್ಯಾಲೆ ಸಣ್ಣ ದನಿಯೊಳಗ "ಗೊಬ್ಬರಕ್ಕ ಹೋತವ್ವಾ, ಕಡ್ಲಿ ಬರೂತನ ಟೈಮ್ ಕೊಡ್ತೀರೇನು?" ಅಂದ.

"ಸೋಮವಾರ ಬರ್ರಿ ಅಜ್ಜಾರ, ಕಂತು ಮಾಡಿ ಕಟ್ಟಾಕ ಅರ್ಜಿ ನಾನ ಬರ್ಕೊಡ್ತೀನಿ" ಅಂದು ಗಿರಿಜಾ ಮ್ಯಾನೇಜರ್ ಕಡೆ ನೋಡಿದ್ಲು. ಅವ್ರು ಹೂಂ ಅಂತ ತಲಿ ಆಡಿಸಿದ್ರು.